ಮಾಡಿದವರು ಯಾರೆಂದು ಹೇಳದೆ

ಹಳೆಯ ಸಿನಿಮಾ ಹಾಡಿನ ಪುಸ್ತಕಗಳನ್ನು ಕಂಡವರಿಗೆ ಅದರೊಳಗಿನ ಕಥಾಸಾರಾಂಶ ನೆನಪಿರುತ್ತದೆ. ನಾಯಕ ಸಂಕಷ್ಟಕ್ಕೆ ಸಿಕ್ಕ ಜಾಗಕ್ಕೆ ಕಥೆ ನಿಲ್ಲುತ್ತಿತ್ತು. ಮುಂದೇನಾಯಿತು ಎಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಅಚ್ಚಾಗಿರುತ್ತಿತ್ತು. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಬರುವ ಪುಸ್ತಕ ವಿಮರ್ಶೆಗಳು ಇಂದಿಗೂ ಅದೇ ಅಚ್ಚಿನಲ್ಲಿ ಬರುತ್ತವೆ. ಅದರಲ್ಲೂ ಪತ್ತೇದಾರಿ ಕಾದಂಬರಿ, ಹುಡುಗರ ಮಾತಿನಲ್ಲಿ ಹೇಳುವುದಾದರೆ ಥ್ರಿಲ್ಲರ್, ಎಂದರೆ ಮುಗಿಯಿತು. ಮುಕ್ಕಾಲು ಪಾಲು ಕಥೆ, ಕಾಲು ಪಾಲು ಹೊಗಳಿಕೆ, ಕೊನೆಗೆ ‘ಕೊಲೆಗಾರ ಯಾರು ಎಂಬುದನ್ನು ನೀವೇ ಓದಿ ತಿಳಿಯಿರಿ’.

ಈ ವರ್ಷ ಎರಡನೆಯ ಬಿ.ಎ. ಹುಡುಗಿಯೊಬ್ಬಳು ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ ‘ದ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ ಓದಿ ನಾಲ್ಕು ಪುಟ ಬರೆದು ತಂದಳು. ಮೂರು ಪುಟ ಕಥೆಯೇ ಇತ್ತು. ಕಥೆ ಕಡಿಮೆ ಮಾಡಿ ಪುಸ್ತಕದ ಬಗ್ಗೆ ಬರೆಯಮ್ಮ ಎಂದೆ. ‘ಕೊನೆ ಹೇಳ್ದೆ ಪುಸ್ತಕದ ಬಗ್ಗೆ ಏನ್ ಬರೆಯೋದು ಸರ್? ಇರೋದೇ ಅದು’ ಎಂದಳು. ಪಕ್ಕದ ಮೇಜಿನಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಅವಳ ಪಕ್ಷ ವಹಿಸಿದರು. ಥ್ರಿಲ್ಲರಿಗೆ ವಿಮರ್ಶೆ ಎಂಬುದೇ ಇಲ್ಲ, ಗುಟ್ಟು ಹೇಳಿದರೆ ಓದುಗನಿಗೆ ದ್ರೋಹ, ಹೇಳದಿದ್ದರೆ ಅದು ಬರಿಯ ಜಾಹೀರಾತು ಎಂಬುದು ಅವರ ವಾದ. ಇದು ಅವರೊಬ್ಬರ ಮಾತಲ್ಲ. ಪತ್ತೇದಾರಿ ಕಾದಂಬರಿಯನ್ನು ಪ್ರೀತಿಯಿಂದ ಓದುವವರೂ ಹೀಗೇ ಹೇಳುತ್ತಾರೆ, ಅದನ್ನು ಸಾಹಿತ್ಯವೆಂದು ಒಪ್ಪದವರೂ ಹೀಗೇ ಹೇಳುತ್ತಾರೆ.

ನಾನು ಇದನ್ನು ಒಪ್ಪುವುದಿಲ್ಲ. ಕೊನೆಯ ಗುಟ್ಟು ಒಂದು ಪತ್ತೇದಾರಿ ಕಾದಂಬರಿಯಲ್ಲಿ ವಿಮರ್ಶಕರಿಗೆ ಅತಿ ಕಡಿಮೆ ಉಪಯೋಗಕ್ಕೆ ಬರುವ ಭಾಗ ಎಂಬುದು ನನ್ನ ಅನುಭವ. ಕಾದಂಬರಿ ಗೆದ್ದಿದೆಯೋ ಸೋತಿದೆಯೋ ಎಂಬುದು ತೀರ್ಮಾನವಾಗುವುದು ಅದಕ್ಕಿಂತ ಬಹಳ ಮೊದಲೇ, ಓದುಗರ ಕಣ್ಣೆದುರೇ ಇರುವ ಪುಟಗಳಲ್ಲಿ. ಆ ಪುಟಗಳ ಬಗ್ಗೆ ಧಾರಾಳವಾಗಿ ಮಾತಾಡಬಹುದು. ಸ್ಟೈಲ್ಸ್ ಕಾದಂಬರಿಯನ್ನೇ ಇಟ್ಟುಕೊಂಡು ಅದನ್ನು ತೋರಿಸುತ್ತೇನೆ. ಕೊನೆಯನ್ನು ನಾನೂ ಹೇಳುವುದಿಲ್ಲ.

ಕಾದಂಬರಿಯ ಹಿನ್ನೆಲೆಯಿಂದ ಶುರುಮಾಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಗುಟ್ಟಿನ ಭಯವಿಲ್ಲ. ಮೊದಲ ಮಹಾಯುದ್ಧದ ಕಾಲ. ಇಂಗ್ಲೆಂಡಿನ ಟಾರ್ಕಿ ಎಂಬ ಕಡಲ ತೀರದ ಊರಿನಲ್ಲಿ ಕ್ರಿಸ್ಟಿ ಮೊದಲು ಆಸ್ಪತ್ರೆಯಲ್ಲಿ ಸ್ವಯಂಸೇವಕಿ ದಾದಿಯಾಗಿದ್ದು, ಆಮೇಲೆ ಅಲ್ಲಿನ ಔಷಧ ಕೊಠಡಿಯಲ್ಲಿ ಕೆಲಸ ಮಾಡುತ್ತಿದ್ದರು. ಸುತ್ತಲೂ ಕಪಾಟಿನ ತುಂಬ ವಿಷದ ಸೀಸೆಗಳು. ನಿನಗೆ ಪತ್ತೇದಾರಿ ಕಥೆ ಬರೆಯಲಾಗದು ಎಂದು ಅಕ್ಕ ಮ್ಯಾಜ್ ಹಿಂದೆ ಹಾಕಿದ್ದ ಸವಾಲು ಮನಸ್ಸಿನಲ್ಲಿತ್ತು. ಊರಿಗೆ ಬೆಲ್ಜಿಯಮ್‌ನಿಂದ ನಿರಾಶ್ರಿತರು ಬಂದಿದ್ದರು. ಹೀಗಾಗಿ 1916ರಲ್ಲಿ ಬರೆದ ಕಾದಂಬರಿಯಲ್ಲಿ ಕೊಲೆ ವಿಷದಿಂದಾಯಿತು, ಪತ್ತೇದಾರ ಬೆಲ್ಜಿಯಮ್‌ನಿಂದ ನಿರಾಶ್ರಿತನಾಗಿ ಬಂದ ನಿವೃತ್ತ ಪೊಲೀಸ್ ಅಧಿಕಾರಿ ಎರ್ಕ್ಯೂಲ್ ಪ್ವಾರೋ ಆದ. ಒಂದಕ್ಕಿಂತ ಹೆಚ್ಚು ಪ್ರಕಾಶಕರು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದರು. ಕೊನೆಗೆ ಬಾಡ್ಲಿ ಹೆಡ್ ಸಂಸ್ಥೆಯ ಜಾನ್ ಲೇನ್ ಒಪ್ಪಿಕೊಂಡರು. ಪುಸ್ತಕ 1920ರಲ್ಲಿ ಅಮೆರಿಕದಲ್ಲಿ, 1921ರ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಹೊರಬಂತು.

ಜಾನ್ ಲೇನ್ ಒಂದು ಷರತ್ತು ಹಾಕಿದ್ದರು. ಹಸ್ತಪ್ರತಿಯ ಕೊನೆಯಲ್ಲಿ ಪ್ವಾರೋ ನ್ಯಾಯಾಲಯದ ಸಾಕ್ಷಿಕಟ್ಟೆಯಲ್ಲಿ ನಿಂತು ಎಲ್ಲವನ್ನೂ ವಿವರಿಸುತ್ತಿದ್ದ. ಸಾಕ್ಷಿಗೆ ಬಂದವನಿಗೆ ಯಾವ ನ್ಯಾಯಾಲಯವೂ ಅಷ್ಟು ಹೊತ್ತು ಹಾಗೆ ಮಾತಾಡಲು ಬಿಡುವುದಿಲ್ಲ, ಅದನ್ನು ಬದಲಿಸಬೇಕು ಎಂದರು. ಕ್ರಿಸ್ಟಿ ಆ ಅಧ್ಯಾಯವನ್ನು ಹೊಸದಾಗಿ ಬರೆದರು. ವಿವರಣೆ ನ್ಯಾಯಾಲಯದಿಂದ ಮನೆಯ ದಿವಾನಖಾನೆಗೆ ಬಂತು, ಎಲ್ಲರೂ ಸುತ್ತ ಕೂತು ಕೇಳುವಂತಾಯಿತು. ನನ್ನ ಸಹೋದ್ಯೋಗಿಗೆ ನಾನು ಕೊಟ್ಟ ಮೊದಲ ಉತ್ತರ ಈ ಘಟನೆಯೇ. ಕೊನೆಯ ದೃಶ್ಯವನ್ನು ಕಿತ್ತು ಬೇರೆ ದೃಶ್ಯ ಕೂಡಿಸಬಹುದಾಗಿತ್ತು. ಅದಕ್ಕೆ ಮುಂಚೆ ಹಾಕಿದ್ದ ತಳಪಾಯವನ್ನು ಅಲುಗಿಸಬೇಕಾಗಲಿಲ್ಲ. ಪ್ರಕಾಶಕರು ಬೆಲೆ ಕಟ್ಟಿದ್ದು ಆ ತಳಪಾಯಕ್ಕೆ.

ಈಗ ಕಥೆ. ಎಷ್ಟು ಹೇಳಬಹುದು? ಕಾದಂಬರಿಯಲ್ಲಿ ಹದಿಮೂರು ಅಧ್ಯಾಯಗಳಿವೆ. ಸಾವು ಸಂಭವಿಸುವುದು ಮೂರನೆಯ ಅಧ್ಯಾಯದಲ್ಲಿ. ಅಲ್ಲಿಯವರೆಗಿನದನ್ನು ಯಾರಿಗೆ ಬೇಕಾದರೂ ಹೇಳಬಹುದು, ಏಕೆಂದರೆ ಅದು ಓದುಗರ ಮುಂದೆ ಇಟ್ಟ ಸಮಸ್ಯೆಯೇ ಹೊರತು ಉತ್ತರದ ಯಾವ ಭಾಗವೂ ಅಲ್ಲ. ಯುದ್ಧದಲ್ಲಿ ಗಾಯಗೊಂಡು ರಜೆಯ ಮೇಲಿರುವ ಹೇಸ್ಟಿಂಗ್ಸ್, ಎಸೆಕ್ಸ್ ಪ್ರಾಂತ್ಯದ ಸ್ಟೈಲ್ಸ್ ಎಂಬ ದೊಡ್ಡ ಮನೆಗೆ ಅತಿಥಿಯಾಗಿ ಬರುತ್ತಾನೆ. ಮನೆಯ ಯಜಮಾನಿ ಎಮಿಲಿ ಇಂಗಲ್‌ಥಾರ್ಪ್ ಶ್ರೀಮಂತೆ, ಎಪ್ಪತ್ತು ದಾಟಿದವರು, ತಮಗಿಂತ ಬಹಳ ಚಿಕ್ಕವನಾದ ಆಲ್‌ಫ್ರೆಡ್‌ನನ್ನು ಈಚೆಗಷ್ಟೇ ಮದುವೆಯಾಗಿದ್ದಾರೆ. ಮನೆಯಲ್ಲಿ ಇಬ್ಬರು ಮಲಮಕ್ಕಳು, ಒಬ್ಬ ಸೊಸೆ, ಆಶ್ರಯದಲ್ಲಿರುವ ಒಬ್ಬ ತರುಣಿ, ಜೊತೆಗಿದ್ದು ಎಲ್ಲ ನೋಡಿಕೊಳ್ಳುವ ಒಬ್ಬಾಕೆ, ಕೆಲಸದವರು. ಪಕ್ಕದ ಹಳ್ಳಿಯಲ್ಲಿ ವಿಷಗಳ ಬಗ್ಗೆ ತಿಳಿದ ಒಬ್ಬ ಡಾಕ್ಟರ್. ಜುಲೈ ತಿಂಗಳ ಒಂದು ನಸುಕಿನಲ್ಲಿ, ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ, ಎಮಿಲಿ ನರಳಿ ಸಾಯುತ್ತಾರೆ. ವಿಷ ಸ್ಟ್ರಿಕ್ನಿನ್.

ಇಷ್ಟನ್ನು ಐದಾರು ಸಾಲಿನಲ್ಲಿ ಹೇಳಿ ನಿಲ್ಲಿಸಬೇಕು. ಹುಡುಗಿಯ ಕರಡಿನಲ್ಲಿ ಮೂರು ಪುಟ ಹಿಡಿದದ್ದು ಇದೇ. ಕಥೆಯನ್ನು ಮೂರು ಪುಟ ಹೇಳುವವರು ಕೊನೆಯನ್ನು ಕಾಪಾಡುತ್ತಿದ್ದೇವೆ ಎಂದುಕೊಂಡಿರುತ್ತಾರೆ. ವಾಸ್ತವದಲ್ಲಿ ಮಧ್ಯವನ್ನೆಲ್ಲ ಸೋರಿಸಿಬಿಟ್ಟಿರುತ್ತಾರೆ. ಯಾರ ಮೇಲೆ ಅನುಮಾನ ಬಂತು, ಅದು ಯಾವಾಗ ಕಳಚಿತು, ಆಮೇಲೆ ಯಾರ ಮೇಲೆ ತಿರುಗಿತು ಎಂದು ಎಂಟನೆಯ ಅಧ್ಯಾಯದವರೆಗೆ ಹೇಳಿದರೆ ಓದುಗರಿಗೆ ಉಳಿಯುವುದು ಕಳೆಯುವ ಲೆಕ್ಕವಷ್ಟೇ. ಇವರಲ್ಲ, ಇವರಲ್ಲ ಎಂದು ಕಳೆಯುತ್ತ ಹೋದರೆ ಕೊನೆಗೆ ಉಳಿದವರು ಯಾರೆಂದು ಹೆಸರು ಹೇಳದೆಯೂ ಗೊತ್ತಾಗುತ್ತದೆ.

ಹಾಗಾದರೆ ಮಿಕ್ಕ ಜಾಗದಲ್ಲಿ ಏನು ಬರೆಯಬೇಕು? ಲೇಖಕಿ ಓದುಗರ ಜೊತೆ ನ್ಯಾಯವಾಗಿ ನಡೆದುಕೊಂಡಿದ್ದಾರೆಯೇ ಎಂಬುದನ್ನು. ಪತ್ತೇದಾರಿ ಕಾದಂಬರಿಯ ಮರ್ಯಾದೆ ನಿಂತಿರುವುದು ಇದರ ಮೇಲೆ. ಉತ್ತರಕ್ಕೆ ಬೇಕಾದ ಸುಳಿವುಗಳು ಉತ್ತರಕ್ಕೆ ಮೊದಲೇ ಓದುಗರ ಕಣ್ಣಿಗೆ ಬಿದ್ದಿರಬೇಕು, ಬಿದ್ದರೂ ಅವು ಸುಳಿವೆಂದು ತೋರಬಾರದು. 1929ರಲ್ಲಿ ರೊನಾಲ್ಡ್ ನಾಕ್ಸ್ ಇಂಥ ಹತ್ತು ನಿಯಮಗಳನ್ನು ಬರೆದಿಟ್ಟರು. ಸ್ಟೈಲ್ಸ್ ಅದಕ್ಕೂ ಎಷ್ಟೋ ಮುಂಚಿನದು. ಆದರೂ ಆ ನಿಯಮಗಳ ಎದುರು ಇಟ್ಟು ನೋಡಲು ಯೋಗ್ಯವಾಗಿದೆ.

ನ್ಯಾಯವಾಗಿದೆ ಎಂದು ಬರಿದೇ ಹೇಳಿದರೆ ಯಾರೂ ನಂಬುವುದಿಲ್ಲ. ಒಂದು ಉದಾಹರಣೆ ತೋರಿಸಬೇಕು. ಇಲ್ಲಿ ನಾನು ಹುಡುಗಿಗೆ ಹೇಳಿದ್ದು, ದೊಡ್ಡ ಬೀಗ ಮುಟ್ಟಬೇಡ, ತೆರೆದು ತೋರಿಸಿದರೂ ಮಾಡಿದವರ ಗುಟ್ಟು ಹೊರಬೀಳದ ಒಂದು ಸಣ್ಣ ಬೀಗ ಹುಡುಕು ಎಂದು. ಎರಡು ದಿನ ಬಿಟ್ಟು ಬಂದು ಅವಳು ತೋರಿಸಿದ ಜಾಗ ಬಹಳ ಚೆನ್ನಾಗಿತ್ತು.

ಮೊದಲ ಅಧ್ಯಾಯದಲ್ಲಿ ಹೇಸ್ಟಿಂಗ್ಸ್ ಮನೆಗೆ ಬಂದ ಹೊಸತರಲ್ಲಿ ಮನೆಯವರು ಊಟದ ವೇಳೆ, ಯುದ್ಧಕಾಲದ ಮಿತವ್ಯಯ ಎಂದು ಮಾತಾಡುತ್ತಾರೆ. ಈ ಮನೆಯಲ್ಲಿ ಏನನ್ನೂ ವ್ಯರ್ಥ ಮಾಡುವುದಿಲ್ಲ, ರದ್ದಿ ಕಾಗದದ ಚೂರನ್ನು ಕೂಡ ಎತ್ತಿಟ್ಟು ಮೂಟೆ ಕಟ್ಟಿ ಕಳಿಸುತ್ತೇವೆ ಎಂಬ ಮಾತು ಅದರ ನಡುವೆ ಬಂದುಹೋಗುತ್ತದೆ. ಓದುವಾಗ ಅದು ಕಾಲವನ್ನು ಕಟ್ಟಿಕೊಡುವ ಒಂದು ವಿವರ, ಅಷ್ಟೇ. ನಾನು ಮೊದಲ ಸಲ ಓದಿದಾಗ ಅದರ ಮೇಲೆ ಕಣ್ಣು ನಿಲ್ಲಲೇ ಇಲ್ಲ. ನಾಲ್ಕನೆಯ, ಐದನೆಯ ಅಧ್ಯಾಯದ ಹೊತ್ತಿಗೆ ಸತ್ತವರ ಕೋಣೆಯ ಅಗ್ಗಿಷ್ಟಿಕೆಯಲ್ಲಿ ಸುಟ್ಟ ಕಾಗದದ ತುಂಡೊಂದು ಸಿಗುತ್ತದೆ, ಅದು ಉಯಿಲಿನ ಚೂರು. ಆ ದಿನ ನೆರಳಿನಲ್ಲಿ 80 ಡಿಗ್ರಿ ಫ್ಯಾರನ್‌ಹೀಟ್ ಇತ್ತೆಂದು ಪ್ವಾರೋ ಬಹಳ ಮುಂದೆ ನೆನಪಿಸುತ್ತಾನೆ. ನಮ್ಮ ಲೆಕ್ಕದಲ್ಲಿ ಸುಮಾರು 27 ಡಿಗ್ರಿ, ನಮ್ಮೂರಿಗೆ ಅದು ಸೆಕೆಯೇ ಅಲ್ಲ, ಇಂಗ್ಲೆಂಡಿಗೆ ಕಡು ಬೇಸಿಗೆ. ಅಂಥ ದಿನ ಆಕೆ ಕೋಣೆಯಲ್ಲಿ ಬೆಂಕಿ ಹಾಕಿಸಿದ್ದೇಕೆ? ರದ್ದಿ ಕಾಗದವನ್ನೆಲ್ಲ ಎತ್ತಿಡುವ ಮನೆಯಲ್ಲಿ ಒಂದು ದಪ್ಪ ಕಾಗದವನ್ನು ಯಾರ ಕೈಗೂ ಸಿಗದಂತೆ ಮಾಡಲು ಬೇರೆ ದಾರಿಯೇ ಇರಲಿಲ್ಲ. ಬುಟ್ಟಿಗೆ ಎಸೆದರೆ ಅದು ಮೂಟೆಗೆ ಹೋಗುತ್ತಿತ್ತು.

ಮೊದಲ ಅಧ್ಯಾಯದ ಹಗುರ ಮಾತು ಮುಂದೆ ಹೀಗೆ ಭಾರವಾಗುತ್ತದೆ. ಉಯಿಲನ್ನು ಸುಟ್ಟದ್ದರಿಂದ ಕೊಲೆ ಮಾಡಿದವರು ಯಾರೆಂದು ತಿಳಿಯುವುದಿಲ್ಲ. ಈ ಉದಾಹರಣೆ ಕೊಟ್ಟರೆ ಓದುಗರ ಒಂದು ಸಣ್ಣ ಸಂತೋಷ ಕಡಿಮೆಯಾಗುತ್ತದೆ ಎಂಬುದು ನಿಜ. ಆ ಬೆಲೆ ತೆರಲೇಬೇಕು ಎನ್ನುತ್ತೇನೆ. ಏಕೆಂದರೆ ಇದನ್ನು ಕಂಡ ಓದುಗರಿಗೆ ಲೇಖಕಿಯ ಇಡೀ ಪದ್ಧತಿ ಗೊತ್ತಾಗುತ್ತದೆ. ಈಕೆ ಸುಳಿವನ್ನು ಬಚ್ಚಿಡುವುದಿಲ್ಲ, ಮಾತಿನ ನಡುವೆ ಬಹಿರಂಗವಾಗಿ ಇಟ್ಟು ಮುಂದೆ ಹೋಗುತ್ತಾರೆ. ಪುಸ್ತಕ ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲು ಓದುಗರಿಗೆ ಬೇಕಾದದ್ದು ಇದು.

ಹೇಸ್ಟಿಂಗ್ಸ್‌ನ ವಿಷಯಕ್ಕೂ ಇದೇ ಮಾತು. ಅವನು ಕಂಡದ್ದನ್ನೆಲ್ಲ ಪ್ರಾಮಾಣಿಕವಾಗಿ ಹೇಳುತ್ತಾನೆ, ಅದರ ಅರ್ಥವನ್ನು ಮಾತ್ರ ತಪ್ಪಾಗಿ ಮಾಡುತ್ತಾನೆ. ಓದುಗರು ಅವನ ಕಣ್ಣನ್ನು ನಂಬಬೇಕು, ಬುದ್ಧಿಯನ್ನು ನಂಬಬಾರದು. ಇದು ಹೊಸ ಉಪಾಯವೇನಲ್ಲ, ಶೆರ್ಲಾಕ್ ಹೋಮ್ಸ್‌ನ ವಾಟ್ಸನ್ ಕೂಡ ಇಂಥವನೇ. ಆದರೆ ಸ್ಟೈಲ್ಸ್‌ನಲ್ಲಿ ಮನೆಯ ನಕ್ಷೆ, ಕೋಣೆಯ ನಕ್ಷೆ, ಕೈಬರಹದ ಮಾದರಿ ಎಲ್ಲವೂ ಪುಟದ ಮೇಲೆಯೇ ಅಚ್ಚಾಗಿವೆ. ಹೇಸ್ಟಿಂಗ್ಸ್‌ನ ಮಾತು ದಾಟಿ ನೀವೇ ನೋಡಿಕೊಳ್ಳಿ ಎಂದು ಲೇಖಕಿ ಅವಕಾಶ ಕೊಟ್ಟಿದ್ದಾರೆ. ಇದನ್ನು ವಿಮರ್ಶೆಯಲ್ಲಿ ಹೇಳಲು ಯಾವ ಗುಟ್ಟೂ ಅಡ್ಡ ಬರುವುದಿಲ್ಲ.

ಇನ್ನು ದೋಷಗಳು. ಕಾಲೇಜು ಸಂಚಿಕೆಗಳಲ್ಲಿ ಇನ್ನೊಂದು ನಂಬಿಕೆ ಬೇರೂರಿದೆ. ಮೊದಲ ಕೃತಿ ಎಂದರೆ ಬೆನ್ನು ತಟ್ಟಬೇಕು, ತಪ್ಪು ಎತ್ತಿ ತೋರಿಸಬಾರದು, ‘ಭರವಸೆಯ ಲೇಖಕಿ’ ಎಂದು ಮುಗಿಸಬೇಕು. ಹೀಗೆ ಬರೆದರೆ ಲೇಖಕಿಗೂ ಅನ್ಯಾಯ, ಓದುಗರಿಗೂ ಅನ್ಯಾಯ. ಹುಡುಗಿಯ ಕರಡಿನಲ್ಲೂ ಆ ಮಾತಿತ್ತು. ನೂರು ವರ್ಷದ ಹಿಂದೆ ಬಂದ, ಆಮೇಲೆ ಅರವತ್ತಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಲೇಖಕಿಯ ಬಗ್ಗೆ ಭರವಸೆ ಎಂಬ ಮಾತು ಯಾಕಮ್ಮ ಎಂದು ಕೇಳಿದರೆ, ಮೊದಲ ಪುಸ್ತಕದ ವಿಮರ್ಶೆಯಲ್ಲಿ ಹಾಗೆ ಬರೆಯಬೇಕು ಅಂದುಕೊಂಡಿದ್ದೆ ಸರ್ ಎಂದಳು. ರೂಢಿ ಎಷ್ಟು ಬಲವಾಗಿದೆ ನೋಡಿ.

1921ರಲ್ಲಿ ಲಂಡನ್ನಿನ ಟೈಮ್ಸ್ ಲಿಟರರಿ ಸಪ್ಲಿಮೆಂಟ್ ಆಗಿನ್ನೂ ಅಪರಿಚಿತಳಾಗಿದ್ದ ಈ ಲೇಖಕಿಗೆ ರಿಯಾಯಿತಿ ಕೊಡಲಿಲ್ಲ. ಮೆಚ್ಚಿಕೊಂಡಿತು, ಆದರೆ ಕಥೆಯ ಜಾಣತನ ಅತಿಯಾಯಿತು ಎಂಬರ್ಥದಲ್ಲಿ ಒಂದು ದೋಷವನ್ನು ಹೆಸರಿಸಿತು. ಆ ದೋಷ ಕೊನೆಯ ಅಧ್ಯಾಯಗಳಲ್ಲಿ ಬಿಚ್ಚಿಕೊಳ್ಳುವ ಸಂಚಿಗೆ ಸಂಬಂಧಿಸಿದ್ದು. ಆದರೂ ಸಂಚು ಏನೆಂದು ಹೇಳದೆಯೇ ಹೇಳಲು ಸಾಧ್ಯವಾಯಿತು. ನನ್ನ ಸಹೋದ್ಯೋಗಿಯ ಗಟ್ಟಿಯಾದ ಪ್ರಶ್ನೆಗೆ ಇಲ್ಲಿ ಉತ್ತರವಿದೆ. ಅವರು ಕೇಳಿದ್ದು, ಕಾದಂಬರಿ ಕೆಟ್ಟಿರುವುದೇ ಕೊನೆಯಲ್ಲಾದರೆ ಏನು ಮಾಡುತ್ತೀರಿ ಎಂದು. ದೋಷದ ಜಾತಿಯನ್ನು ಹೇಳಬೇಕು, ದೋಷದ ಒಡಲನ್ನು ಬಿಡಬೇಕು. ವಿವರಣೆ ಉದ್ದವಾಯಿತು, ಆಕಸ್ಮಿಕವೊಂದು ಸಮಯಕ್ಕೆ ಸರಿಯಾಗಿ ಒದಗಿಬಂತು, ಸಂಚು ಮಾಡಿದವರಿಗೆ ಅಷ್ಟು ಸುತ್ತು ಬಳಸುವ ಅಗತ್ಯವಿರಲಿಲ್ಲ, ಮೊದಲು ತೋರಿಸಿದ ಸ್ವಭಾವಕ್ಕೂ ಕೊನೆಯ ಕೃತ್ಯಕ್ಕೂ ಕೂಡಿಬರುವುದಿಲ್ಲ. ಇವು ಯಾವುವೂ ಹೆಸರು ಕೊಡುವುದಿಲ್ಲ. ಓದಿದ ಮೇಲೆ ಓದುಗರು ಈ ಮಾತಿಗೆ ಹಿಂತಿರುಗಿ ಬಂದು ಸರಿಯೋ ತಪ್ಪೋ ನೋಡಬಹುದು.

ಆದರೆ ಎಲ್ಲ ಕಾದಂಬರಿಗೂ ಇದು ಸಾಲುವುದಿಲ್ಲ ಎಂದು ಒಪ್ಪಿಕೊಳ್ಳಬೇಕು. ಕೊನೆಯ ಒಂದು ಸಂಗತಿಯೇ ಒಂದು ಸಮುದಾಯವನ್ನೋ ಕಾಯಿಲೆಯನ್ನೋ ಕೆಟ್ಟದಾಗಿ ಬಳಸಿಕೊಂಡಿದ್ದರೆ, ಅದನ್ನು ಹೇಳದೆ ಬಿಡುವುದು ಸರಿಯಲ್ಲ. ಅಂಥ ಕಡೆ ಮೊದಲ ಸಾಲಿನಲ್ಲೇ, ಇಲ್ಲಿ ಕೊನೆಯನ್ನು ಹೇಳಲಾಗಿದೆ ಎಂದು ದಪ್ಪಕ್ಷರದಲ್ಲಿ ಹಾಕಿ ಬರೆಯಬೇಕು. ಸ್ಟೈಲ್ಸ್‌ಗೆ ಆ ಅಗತ್ಯ ಬಿದ್ದಿಲ್ಲ.

ಸ್ಟೈಲ್ಸ್‌ನ ದೋಷಗಳಲ್ಲಿ ನನಗೆ ದೊಡ್ಡದಾಗಿ ಕಾಣುವುದು ಸುಳಿವುಗಳ ದಟ್ಟಣೆ. ಪ್ವಾರೋ ಸತ್ತವರ ಕೋಣೆಯನ್ನು ನೋಡಿ, ಆರು ಗಮನಾರ್ಹ ಸಂಗತಿಗಳು ಸಿಕ್ಕಿವೆ ಎನ್ನುತ್ತಾನೆ. ಪುಡಿಪುಡಿಯಾದ ಕಾಫಿ ಕಪ್, ಬೀಗದಲ್ಲಿ ಕೀಲಿ ಉಳಿದಿರುವ ಕಾಗದಪತ್ರದ ಪೆಟ್ಟಿಗೆ, ನೆಲದ ಮೇಲೆ ಕಲೆ, ಕಡು ಹಸಿರು ಬಟ್ಟೆಯ ಎರಡೆಳೆ, ಮೇಣದ ದೊಡ್ಡ ಹನಿ. ಇವು ಐದು. ಆರನೆಯದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ ಎನ್ನುತ್ತಾನೆ. ಇಲ್ಲಿ ನಾನು ಓದು ನಿಲ್ಲಿಸಿ ಯೋಚಿಸಿದ್ದೇನೆ. ಪತ್ತೇದಾರ ತನ್ನ ಯೋಚನೆಯನ್ನು ಮುಚ್ಚಿಡಬಹುದು, ತಾನು ಕಂಡ ವಸ್ತುವನ್ನು ಮುಚ್ಚಿಡಬಾರದು ಎಂಬುದು ನನ್ನ ಅಳತೆಗೋಲು. ಆರನೆಯದನ್ನು ಹೇಳದೆ ಬಿಡುವುದು ಆ ಗೆರೆಯ ಮೇಲೆಯೇ ನಿಂತಿದೆ. ಓದುಗರನ್ನು ಕುರ್ಚಿಯ ಅಂಚಿಗೆ ತರಲು ಹೊಸ ಲೇಖಕಿ ಮಾಡಿದ ಅವಸರ ಅದು ಎನಿಸುತ್ತದೆ. ಮುಂದಿನ ಅಧ್ಯಾಯಗಳಲ್ಲಿ ಇನ್ನಷ್ಟು ವಸ್ತುಗಳು, ಇನ್ನಷ್ಟು ಕಪ್ಪುಗಳು, ಪಾತ್ರೆಗಳು, ಬೀಗದ ಕೈಗಳು ಬಂದು ಸೇರುತ್ತವೆ. ಯಾವ ಕಪ್ ಯಾರದು, ಯಾವ ಹೊತ್ತಿನದು ಎಂದು ನೆನಪಿಡಲು ನಾನು ಕಾಗದದ ಮೇಲೆ ಗುರುತು ಹಾಕಿಕೊಳ್ಳಬೇಕಾಯಿತು. ಅದರ ಜೊತೆಗೆ ಹೇಸ್ಟಿಂಗ್ಸ್‌ನ ಪ್ರೇಮದ ಎಳೆ ಬೇರೆ. ಕಾದಂಬರಿಯ ನಡುಭಾಗ ಇದರ ಭಾರಕ್ಕೆ ಕುಗ್ಗುತ್ತದೆ.

ಇನ್ನೊಂದು ದೋಷ ಸೂಕ್ಷ್ಮವಾದದ್ದು, ಗುಟ್ಟಿನ ಹತ್ತಿರಕ್ಕೆ ಹೋಗುವಂಥದ್ದು. ಒಗಟಿನ ಒಂದು ಕೊಂಡಿ ಬಿಡಿಸಲು ಔಷಧ ತಯಾರಿಕೆಯ ತಿಳಿವಳಿಕೆ ಬೇಕು. ಸಾಮಾನ್ಯ ಓದುಗರಿಗೆ ಅದು ಇರುವುದಿಲ್ಲ. ನಾಕ್ಸ್ ಅವರ ಹತ್ತು ನಿಯಮಗಳಲ್ಲಿ, ಕೊನೆಯಲ್ಲಿ ಉದ್ದನೆಯ ವೈಜ್ಞಾನಿಕ ವಿವರಣೆ ಬೇಕಾಗುವ ಉಪಾಯವನ್ನು ಬಳಸಬಾರದು ಎಂಬುದೂ ಒಂದು. ಆ ಲೆಕ್ಕಕ್ಕೆ ಕ್ರಿಸ್ಟಿ ಇಲ್ಲಿ ಒಂದು ಹೆಜ್ಜೆ ಆಚೆ ಹೋಗಿದ್ದಾರೆ. ಆದರೆ ಅದೇ ತಿಳಿವಳಿಕೆ ಕಾದಂಬರಿಯ ಬಲವೂ ಹೌದು. ವಿಷದ ವಿಷಯದಲ್ಲಿ ಲೇಖಕಿ ಕೈಗೆ ಬಂದದ್ದನ್ನು ಬರೆದಿಲ್ಲ. ಇಂಗ್ಲೆಂಡಿನ ಔಷಧಿಕಾರರ ವೃತ್ತಿಪತ್ರಿಕೆ ಫಾರ್ಮಸ್ಯೂಟಿಕಲ್ ಜರ್ನಲ್ ಈ ಕಾದಂಬರಿಯನ್ನು ಪರಿಶೀಲಿಸಿ, ವಿಷದ ವಿವರ ಸರಿಯಾಗಿದೆ ಎಂದು ಮೆಚ್ಚಿತು. ಕ್ರಿಸ್ಟಿಗೆ ಆ ಮೆಚ್ಚುಗೆ ಬಹಳ ಸಂತೋಷ ಕೊಟ್ಟಿತ್ತು. ಓದುಗರು ತಾವೇ ಬಿಡಿಸಲಾರದ ಕೊಂಡಿ ಒಂದಿದೆ, ಆದರೆ ಅದು ಕಟ್ಟುಕಥೆಯಲ್ಲ ಎಂದು ಎರಡನ್ನೂ ಒಟ್ಟಿಗೆ ಹೇಳಿದರೆ ವಿಮರ್ಶೆ ನ್ಯಾಯವಾಗುತ್ತದೆ.

ಇಲ್ಲಿ ಒಂದು ಗೆರೆ ಎಳೆಯಬೇಕಾಯಿತು. ಹುಡುಗಿ ಮೊದಲು ಬರೆದ ವಾಕ್ಯದಲ್ಲಿ ಒಂದು ರಾಸಾಯನಿಕದ ಹೆಸರಿತ್ತು. ಹೆಸರು ತೆಗೆದು ‘ಔಷಧದ ತಿಳಿವಳಿಕೆ’ ಎಂದು ಹಾಕಿದಳು. ಮೊದಲಿನ ಹೆಸರು ಓದಿದ ರಸಾಯನಶಾಸ್ತ್ರದ ವಿದ್ಯಾರ್ಥಿ ಅರ್ಧ ನಿಮಿಷದಲ್ಲಿ ಉಪಾಯ ಕಂಡುಹಿಡಿಯುತ್ತಿದ್ದ. ನಮ್ಮ ಸಂಚಿಕೆಯನ್ನು ಬಿ.ಎಸ್ಸಿ.ಯವರೂ ಓದುತ್ತಾರೆ.

ಗುಟ್ಟು ಬಯಲಾಗುವುದು ಹೆಚ್ಚಾಗಿ ಇಂಥ ಸಣ್ಣ ಜಾಗದಲ್ಲಿ. ಕೊನೆಯನ್ನು ನೇರವಾಗಿ ಹೇಳುವವರು ಬಹಳ ಕಡಿಮೆ. ‘ಯಾರೂ ಊಹಿಸಲಾರದ ತಿರುವು’ ಎಂದು ಹೊಗಳುವವರು ಬಹಳ. ಆ ಮಾತು ಓದಿದ ಕೂಡಲೇ ಓದುಗರು ಯಾರ ಮೇಲೆ ಅನುಮಾನವೇ ಬರುವುದಿಲ್ಲವೋ ಅವರನ್ನೇ ಹುಡುಕತೊಡಗುತ್ತಾರೆ. ಇನ್ನು ಕೆಲವರು, ಇದರ ಕೊನೆ ಇಂಥ ಸಿನಿಮಾದ ಕೊನೆಯಂತಿದೆ ಎಂದು ಹೋಲಿಸುತ್ತಾರೆ. ಆ ಸಿನಿಮಾ ನೋಡಿದವರಿಗೆ ಎರಡು ಕಥೆಯೂ ಒಂದೇ ಸಲ ಮುಗಿಯಿತು. ಪಾತ್ರಗಳ ಪಟ್ಟಿಯಲ್ಲಿ ಒಬ್ಬರಿಗೆ ಮಾತ್ರ ವಿಶೇಷಣ ಹಾಕುವುದು, ಕಥೆಯಲ್ಲಿ ಎರಡು ಸಾಲು ಮಾತ್ರ ಬರುವವರನ್ನು ವಿಮರ್ಶೆಯಲ್ಲಿ ಹೆಸರು ಹಿಡಿದು ಕರೆಯುವುದು, ಇವೂ ಅದೇ ಕೆಲಸ ಮಾಡುತ್ತವೆ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಹೆಚ್ಚಿನ ಅಪಾಯವಿದೆ. ಇದನ್ನು ನಾನು ಈ ಕರಡು ತಿದ್ದುವಾಗಲೇ ಗಮನಿಸಿದ್ದು. ನಮ್ಮ ಕ್ರಿಯಾಪದ ಲಿಂಗ ಹೇಳಿಬಿಡುತ್ತದೆ. ‘ವಿಷ ಹಾಕಿದವಳು’ ಎಂದರೆ ಅರ್ಧ ಮನೆ ನಿರಪರಾಧಿಯಾಯಿತು, ‘ಹಾಕಿದವನು’ ಎಂದರೆ ಉಳಿದರ್ಧ. ‘ಕೊಲೆಗಾರ’ ಎಂಬ ಮಾತನ್ನು ನಾವು ಸಾಮಾನ್ಯ ಅರ್ಥದಲ್ಲಿ ಬಳಸುತ್ತೇವೆ, ಆದರೆ ಹುಷಾರಾಗಿ ಓದುವವರು ಅದರಲ್ಲೂ ಗಂಡಸನ್ನು ಕಾಣುತ್ತಾರೆ. ಹುಡುಗಿಯ ಕರಡಿನಲ್ಲಿ ಒಂದು ಕಡೆ ‘ಕೊಲೆಗಾರ’, ಇನ್ನೊಂದು ಕಡೆ ‘ಕೊಲೆಗಾರ್ತಿ’, ಮತ್ತೊಂದು ಕಡೆ ‘ಕೊಲೆಗಾರರು’ ಎಂದಿತ್ತು, ಗೊಂದಲದಲ್ಲಿ ಬಂದದ್ದು. ಅದನ್ನು ಓದಿದವರು ಏನು ತಿಳಿಯಬೇಕು? ಎಲ್ಲ ಕಡೆಯೂ ‘ಮಾಡಿದವರು’ ಎಂದು ಮಾಡಿದೆವು. ನಮ್ಮ ಭಾಷೆಯ ಗೌರವದ ರೂಪ ಇಲ್ಲಿ ಬಹಳ ಸಹಾಯಕ್ಕೆ ಬರುತ್ತದೆ. ಹೆಣ್ಣೋ ಗಂಡೋ, ಒಬ್ಬರೋ ಇಬ್ಬರೋ ಏನನ್ನೂ ಹೇಳುವುದಿಲ್ಲ. ಇಂಗ್ಲಿಷಿನಿಂದ ಅನುವಾದಿಸುವವರೂ ಇದನ್ನು ಗಮನಿಸಬೇಕು.

ನೂರು ವರ್ಷದ ಹಳೆಯ ಪುಸ್ತಕಕ್ಕೆ ಇಷ್ಟೆಲ್ಲ ಕಾವಲು ಯಾಕೆ ಎಂದು ಕೇಳುವವರಿದ್ದಾರೆ. ಪುಸ್ತಕ ಹಳೆಯದಾದರೂ ಓದುವವರಿಗೆ ಹದಿನೆಂಟೇ ವರ್ಷ. ನನಗೆ ಹದಿನೈದಿರುವಾಗ ನಮ್ಮೂರಿನಲ್ಲಿ ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯೊಂದಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಟಿ.ಕೆ. ರಾಮರಾವ್ ಅವರ ಕಾದಂಬರಿಗಳು, ಎಲ್ಲಕ್ಕೂ ಕಂದು ಕಾಗದದ ರಟ್ಟು. ಅಲ್ಲಿಂದ ತಂದ ಒಂದು ಪುಸ್ತಕದ ಹನ್ನೊಂದನೆಯ ಪುಟದಲ್ಲಿ, ಒಂದು ಪಾತ್ರದ ಹೆಸರು ಮೊದಲ ಸಲ ಬಂದ ಕಡೆ, ನನಗಿಂತ ಮೊದಲು ಓದಿದ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದು ‘ಇವನೇ’ ಎಂದು ಬರೆದಿದ್ದರು. ಆ ಪುಸ್ತಕವನ್ನು ಪೂರ್ತಿ ಓದಿದೆ. ಬರೆದದ್ದು ಸರಿಯಾಗಿತ್ತು. ಭಾಷೆ ಚೆನ್ನಾಗಿತ್ತೋ, ಸುಳಿವು ಸರಿಯಾಗಿ ಇಟ್ಟಿದ್ದರೋ ಎಂಬುದು ಏನೇನೂ ನೆನಪಿಲ್ಲ, ಆ ಪೆನ್ಸಿಲ್ ಗೆರೆ ಮಾತ್ರ ನೆನಪಿದೆ. ಗುಟ್ಟು ಮೊದಲೇ ಗೊತ್ತಾದರೆ ಕಳೆದುಹೋಗುವುದು ಮೊದಲ ಓದು. ಎರಡನೆಯ ಓದು ಎಂದಾದರೂ ಸಿಗುತ್ತದೆ, ಮೊದಲನೆಯದು ಮತ್ತೆ ಸಿಗುವುದಿಲ್ಲ. ಲೇಖಕಿ ಹೇಗೆ ಕಟ್ಟಿದರು ಎಂಬುದು ಕಾಣುವುದು ಈ ಎರಡೂ ಓದುಗಳನ್ನು ಪಕ್ಕಪಕ್ಕ ಇಟ್ಟಾಗ. ರದ್ದಿ ಕಾಗದದ ಮಾತಿನ ಮೇಲೆ ಮೊದಲ ಸಲ ನನ್ನ ಕಣ್ಣು ನಿಲ್ಲದೇ ಹೋದದ್ದರಿಂದಲೇ ಎರಡನೆಯ ಸಲ ಅದರ ಬೆಲೆ ತಿಳಿಯಿತು.

ವಿಮರ್ಶೆ ಬರೆಯುವವರಿಗೆ ನಾನು ಹೇಳುವ ಒಂದೇ ಕ್ರಮ ಇದಕ್ಕೆ ಸಂಬಂಧಿಸಿದ್ದು. ಪುಸ್ತಕವನ್ನು ಎರಡು ಸಲ ಓದಬೇಕು. ಎರಡನೆಯ ಸಲ ಪೆನ್ಸಿಲ್ ಹಿಡಿಯಬೇಕು, ಸ್ವಂತ ಪ್ರತಿಯಾದರೆ. ಉತ್ತರಕ್ಕೆ ಬೇಕಾದ ಪ್ರತಿಯೊಂದು ಸಂಗತಿ ಮೊದಲು ಬಂದ ಪುಟವನ್ನು ಬರೆದುಕೊಳ್ಳಬೇಕು. ಎಲ್ಲಕ್ಕೂ ಪುಟ ಸಿಕ್ಕರೆ ಕಾದಂಬರಿ ನ್ಯಾಯವಾಗಿದೆ. ಒಂದಕ್ಕೆ ಸಿಗದಿದ್ದರೆ, ಅಥವಾ ಎಲ್ಲವೂ ಕೊನೆಯ ಮೂವತ್ತು ಪುಟದಲ್ಲೇ ಸಿಕ್ಕರೆ, ಅದನ್ನು ವಿಮರ್ಶೆಯಲ್ಲಿ ಹೇಳಬೇಕು. ಆ ಪಟ್ಟಿ ಅಚ್ಚಾಗುವುದಿಲ್ಲ, ವಿಮರ್ಶಕರ ಬಳಿಯೇ ಉಳಿಯುತ್ತದೆ. ಆದರೆ ಅದನ್ನು ಮಾಡಿದವರ ಮಾತಿಗೂ ಮಾಡದವರ ಮಾತಿಗೂ ಇರುವ ವ್ಯತ್ಯಾಸ ಎರಡು ಸಾಲು ಓದಿದರೆ ತಿಳಿಯುತ್ತದೆ. ಹುಡುಗಿ ಸ್ಟೈಲ್ಸ್‌ಗೆ ಮಾಡಿದ ಪಟ್ಟಿಯನ್ನು ನನಗೆ ತೋರಿಸಿದಳು. ಔಷಧದ ಆ ಒಂದು ಕೊಂಡಿಯ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದಳು.

ಕೊನೆಯ ಕರಡು ಒಂದೂವರೆ ಪುಟಕ್ಕೆ ನಿಂತಿತು. ಕಥೆ ಆರು ಸಾಲು, ರದ್ದಿ ಕಾಗದದ ಪ್ರಸಂಗ ಒಂದು ಪ್ಯಾರಾ, ನಡುಭಾಗದ ದಟ್ಟಣೆ ಮತ್ತು ಆರನೆಯ ಸಂಗತಿಯ ಬಗ್ಗೆ ಒಂದು ಪ್ಯಾರಾ, ಔಷಧದ ತಿಳಿವಳಿಕೆಯ ಬಗ್ಗೆ ನಾಲ್ಕು ಸಾಲು. ಭರವಸೆಯ ಲೇಖಕಿ ಎಂಬುದು ಹೋಗಿತ್ತು. ನನ್ನ ಸಹೋದ್ಯೋಗಿ ಕಾದಂಬರಿ ಓದಿದವರಲ್ಲ, ಕರಡನ್ನು ಅವರ ಕೈಗೆ ಕೊಟ್ಟು ಯಾರ ಮೇಲಾದರೂ ಅನುಮಾನ ಬರುತ್ತದೆಯೇ ಎಂದು ಕೇಳಿದೆ. ಎರಡು ಸಲ ಓದಿ, ಪಾತ್ರಗಳನ್ನು ಪರಿಚಯಿಸುವ ಸಾಲಿನಲ್ಲಿ ಒಂದು ಪದದ ಮೇಲೆ ಬೆರಳಿಟ್ಟರು. ಒಬ್ಬರ ಹೆಸರಿನ ಮುಂದೆ ಒಂದು ವಿಶೇಷಣ ಉಳಿದುಹೋಗಿತ್ತು. ಹುಡುಗಿ ಅದನ್ನು ಹೊಡೆದುಹಾಕಿದಳು, ಪುಟ ಅಚ್ಚಿಗೆ ಹೋಯಿತು.